ಹಸುಗೂಸು, ಹಂದಿಮರಿ ಮತ್ತು ಒಂದು ಕಠಿಣ ವಾದ

ಪ್ರಶ್ನೆ: ನನ್ನ ಮಗ ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಾಗುತ್ತಾ ಒಂದು ವಾದ ಮುಂದಿಟ್ಟ. "ಪ್ರಾಣಿಗಳಿಗೆ ಬುದ್ಧಿಯಿಲ್ಲ, ಮಾತಿಲ್ಲ, ಅದಕ್ಕೇ ಅವುಗಳನ್ನು ಬೇಕಾದಂತೆ ಬಳಸಬಹುದು ಅನ್ನುತ್ತೀರಿ. ಹಸುಗೂಸಿಗೂ ಮಾತಿಲ್ಲ, ನಾಯಿಗಿರುವಷ್ಟು ತಿಳಿವಳಿಕೆಯೂ ಇಲ್ಲ. ಅದನ್ನೂ ಹಾಗೆ ಬಳಸಬಹುದಾ?" ಅಂದ. ಮಗು ದೊಡ್ಡದಾಗುತ್ತದಲ್ಲ ಅಂದೆ. "ದೊಡ್ಡವರಾದರೂ ಮಾತು ಬಾರದವರು ಇದ್ದಾರಲ್ಲ?" ಅಂದ. ನನ್ನ ಅಣ್ಣನ ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಅವಳು ಮಾತಾಡುವುದಿಲ್ಲ, ಮುಂದೆಯೂ ಮಾತಾಡುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ನನಗೆ ಸಿಟ್ಟು ಬಂದು ಎದ್ದುಹೋದೆ. ಈ ವಾದದಲ್ಲಿ ತಪ್ಪೆಲ್ಲಿದೆ? ತಪ್ಪಿಲ್ಲ ಅಂತಾದರೆ ನಮ್ಮ ಹುಡುಗಿ ಒಂದು ನಾಯಿಗೆ ಸಮ ಎಂದು ಒಪ್ಪಬೇಕಾ?

ಉತ್ತರ: ಒಪ್ಪಬೇಕಾಗಿಲ್ಲ. ನಿಮ್ಮ ಮಗನ ವಾದ ಗಟ್ಟಿಯಾದದ್ದೇ, ಆದರೆ ಅದರ ಪೆಟ್ಟು ಬೀಳುವುದು ನೀವು ಅಂದುಕೊಂಡ ಜಾಗದ ಮೇಲಲ್ಲ. ಪ್ರಾಣಿಗಳನ್ನು ಬಳಸಿಕೊಳ್ಳುವುದಕ್ಕೆ ನಾವು ಸಾಮಾನ್ಯವಾಗಿ ಕೊಡುವ ಒಂದು ಕಾರಣವನ್ನು ಅದು ಮುರಿಯುತ್ತದೆ. ನಿಮ್ಮ ಅಣ್ಣನ ಮಗಳ ಸ್ಥಾನವನ್ನು ಕೆಳಗಿಳಿಸುವ ಶಕ್ತಿ ಅದಕ್ಕೆ ತಾನಾಗಿ ಇಲ್ಲ. ಹಾಗೆ ಇಳಿಸಬೇಕಾದರೆ ಇನ್ನೊಂದು ಮಾತನ್ನು ಹೊರಗಿನಿಂದ ತಂದು ಸೇರಿಸಬೇಕು. ಆ ಮಾತನ್ನು ನೀವು ತಳ್ಳಿಹಾಕಬಹುದು, ಅದಕ್ಕೆ ಒಳ್ಳೆಯ ಕಾರಣಗಳೂ ಇವೆ.

ತತ್ವಶಾಸ್ತ್ರದಲ್ಲಿ ಇದನ್ನು ಅಂಚಿನ ನಿದರ್ಶನಗಳ ವಾದ ಎನ್ನುತ್ತಾರೆ. ಬೀಜ ಹಳೆಯದು. ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟವಾದ ಕೃತಿಯ ಒಂದು ಅಡಿಟಿಪ್ಪಣಿಯಲ್ಲಿ, ಬೆಳೆದ ಕುದುರೆ ಅಥವಾ ನಾಯಿ ಒಂದು ದಿನದ, ಒಂದು ವಾರದ, ಒಂದು ತಿಂಗಳ ಕೂಸಿಗಿಂತ ಹೆಚ್ಚು ವಿವೇಚನೆಯುಳ್ಳದ್ದು ಎಂದು ಬರೆದ. ಅದರ ಬೆನ್ನಿಗೇ, ಕೇಳಬೇಕಾದದ್ದು ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಎಂದಲ್ಲ, ನೋವುಣ್ಣಬಲ್ಲವೇ ಎಂದು ಎಂಬ ಪ್ರಸಿದ್ಧ ಮಾತನ್ನೂ ಸೇರಿಸಿದ. 1970ರ ದಶಕದಲ್ಲಿ ತತ್ವಜ್ಞಾನಿಗಳಾದ ಪೀಟರ್ ಸಿಂಗರ್ ಮತ್ತು ಟಾಮ್ ರೀಗನ್ ಇದನ್ನು ಇಂದಿನ ರೂಪಕ್ಕೆ ತಂದರು.

ಬಿಡಿಸಿ ನೋಡಿದರೆ ಅದರಲ್ಲಿ ಇರುವುದು ಇಷ್ಟೇ. ಮನುಷ್ಯರಿಗೆ ಮಾತ್ರ ಪೂರ್ಣ ರಕ್ಷಣೆ ಎನ್ನುವವರು ಅದಕ್ಕೆ ಆಧಾರವಾಗಿ ಒಂದು ಗುಣವನ್ನು ತೋರಿಸುತ್ತಾರೆ: ಭಾಷೆ, ವಿವೇಚನೆ, ತನ್ನ ಬಗ್ಗೆ ತನಗಿರುವ ಅರಿವು, ಹೊಣೆ ಹೊರುವ ಶಕ್ತಿ, ಹೀಗೆ ಯಾವುದಾದರೂ ಒಂದು. ಯಾವ ಗುಣವನ್ನೇ ತೆಗೆದುಕೊಳ್ಳಿ, ಅದಿಲ್ಲದ ಮನುಷ್ಯರು ಸಿಗುತ್ತಾರೆ. ಅದೇ ಗುಣ ಅವರಿಗಿಂತ ಹೆಚ್ಚಾಗಿರುವ ಪ್ರಾಣಿಗಳೂ ಸಿಗುತ್ತವೆ. ಆ ಮನುಷ್ಯರನ್ನು ಮಾತ್ರ ನಾವು ಎಂದೂ ಪ್ರಯೋಗಾಲಯದ ಪಂಜರಕ್ಕೆ ಕಳಿಸುವುದಿಲ್ಲ. ಅಂದಮೇಲೆ ನಮ್ಮ ರಕ್ಷಣೆಗೆ ಆಧಾರ ಆ ಗುಣ ಅಲ್ಲ.

ವಾದ ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದಕ್ಕೆ ಎರಡು ದಾರಿ ಇವೆ. ಆ ಗುಣವೇ ಮುಖ್ಯ ಎಂದು ಹಠ ಹಿಡಿದು, ಅದಿಲ್ಲದ ಮನುಷ್ಯರ ರಕ್ಷಣೆಯನ್ನು ಕಡಿಮೆ ಮಾಡಬಹುದು. ಇಲ್ಲವೇ ಆ ಮನುಷ್ಯರ ರಕ್ಷಣೆ ಅಲುಗಾಡಬಾರದು ಎಂದು ಹಿಡಿದು, ಗುಣವನ್ನೇ ಕೈಬಿಟ್ಟು, ಪ್ರಾಣಿಗಳ ವಿಷಯವನ್ನು ಮತ್ತೆ ಯೋಚಿಸಬಹುದು. ವಾದ ಈ ಎರಡರಲ್ಲಿ ಒಂದನ್ನು ಆರಿಸಿ ಕೊಡುವುದಿಲ್ಲ. ನೀವು ಕೋಪದಿಂದ ಎದ್ದುಹೋದದ್ದು ಮೊದಲ ದಾರಿಯನ್ನು ಕಂಡು. ರೀಗನ್ ನಡೆದದ್ದು ಎರಡನೆಯದರಲ್ಲಿ: ಆ ಮಕ್ಕಳಿಗೆ ಹಕ್ಕುಗಳಿವೆ ಎಂಬುದು ಅವನಿಗೆ ಪ್ರಶ್ನಾತೀತ, ಅದೇ ಅವನ ನೆಲಗಟ್ಟು.

ಒಂದು ವಿಷಯವನ್ನು ಮುಚ್ಚಿಡಬಾರದು. ಸಿಂಗರ್ 1985ರಲ್ಲಿ ಹೆಲ್ಗಾ ಕೂಸೆ ಜೊತೆ ಬರೆದ ಪುಸ್ತಕದಲ್ಲಿ, ತೀವ್ರ ವೈಕಲ್ಯದೊಂದಿಗೆ ಹುಟ್ಟಿದ ಕೆಲವು ನವಜಾತ ಶಿಶುಗಳ ಜೀವವನ್ನು ಕೊನೆಗೊಳಿಸುವುದು ತಪ್ಪಾಗದಿರಬಹುದು ಎಂದು ವಾದಿಸಿದ್ದುಂಟು. ಅಂಗವಿಕಲರ ಸಂಘಟನೆಗಳು ಅದನ್ನು ಕಟುವಾಗಿ ವಿರೋಧಿಸಿದವು. ನಿಮ್ಮ ಭಯ ಕಾಲ್ಪನಿಕವಲ್ಲ. ಆದರೆ ಆ ತೀರ್ಮಾನ ಬಂದದ್ದು ಅಂಚಿನ ನಿದರ್ಶನಗಳಿಂದಲ್ಲ. ತಾನು ಕಾಲದುದ್ದಕ್ಕೂ ಇರುವವನು ಎಂಬ ಅರಿವಿದ್ದರೆ ಮಾತ್ರ ಬದುಕುವ ಹಕ್ಕು ಬಲವಾಗುತ್ತದೆ ಎಂಬ ಬೇರೆಯದೇ ಸಿದ್ಧಾಂತದಿಂದ ಬಂತು. ನಾನು ಮೇಲೆ ಹೊರಗಿನಿಂದ ತಂದು ಸೇರಿಸಬೇಕು ಎಂದದ್ದು ಈ ಮಾತನ್ನೇ. ನನಗೆ ಅದು ಒಪ್ಪಿಗೆಯಿಲ್ಲ. ಗಮನಿಸಿ, ಅದೂ ಒಂದು ಗುಣವನ್ನು ಹಿಡಿದು ಗೆರೆ ಎಳೆಯುವ ಕೆಲಸವೇ. ಭಾಷೆಯ ಬದಲು ಆತ್ಮಪ್ರಜ್ಞೆ ಬಂತು, ಅಷ್ಟೇ ವ್ಯತ್ಯಾಸ.

ಈಗ ನೀವು ಮಗನಿಗೆ ಕೊಟ್ಟ ಉತ್ತರಕ್ಕೆ ಬರೋಣ. ಮಗು ದೊಡ್ಡದಾಗುತ್ತದೆ ಎಂಬುದು ಎಲ್ಲರೂ ಮೊದಲು ಹೇಳುವ ಮಾತು. ಅದರಲ್ಲಿ ಹುರುಳಿದೆ, ಆದರೆ ನಾವು ಹೊರಿಸುವಷ್ಟು ಭಾರವನ್ನು ಅದು ಹೊರಲಾರದು. ತತ್ವಜ್ಞಾನಿ ಜೋಯಲ್ ಫೈನ್‌ಬರ್ಗ್ ಕೊಟ್ಟ ಒಂದು ಉದಾಹರಣೆ ಇದೆ. 1930ರಲ್ಲಿ ಜಿಮ್ಮಿ ಕಾರ್ಟರ್ ಆರು ವರ್ಷದ ಹುಡುಗ. ಮುಂದೆ ಅಮೆರಿಕದ ಅಧ್ಯಕ್ಷನಾಗುವ ಸಾಧ್ಯತೆ ಆಗಲೇ ಅವನಲ್ಲಿತ್ತು. ಹಾಗೆಂದು ಆ ವಯಸ್ಸಿಗೇ ಸೇನೆಗೆ ಆಜ್ಞೆ ಕೊಡುವ ಹಕ್ಕು, ಅದರ ಒಂದು ಚೂರು ಕೂಡ, ಅವನಿಗೆ ಇರಲಿಲ್ಲ. ನಾಳೆ ಸಿಗಬಹುದಾದ ಅರ್ಹತೆ ಇವತ್ತಿನ ಹಕ್ಕನ್ನು ತಂದುಕೊಡುವುದಿಲ್ಲ.

ಇನ್ನೂ ಹತ್ತಿರದ ತೊಂದರೆ ಎಂದರೆ ಈ ಉತ್ತರ ರಕ್ಷಿಸಬೇಕಾದವರನ್ನೇ ಹೊರಗಿಡುತ್ತದೆ. ಕೆಲವೇ ತಿಂಗಳು ಬದುಕುವ ಕಾಯಿಲೆಯ ಕೂಸಿಗೆ ದೊಡ್ಡದಾಗುವ ಸಾಧ್ಯತೆಯೇ ಇಲ್ಲ. ನಿಮ್ಮ ಅಣ್ಣನ ಮಗಳಿಗೆ ಮಾತು ಬರುವ ಸಾಧ್ಯತೆ ಇಲ್ಲ. ರಕ್ಷಣೆಯ ಆಧಾರ ಸಾಧ್ಯತೆಯೇ ಎಂದಾದರೆ ಅವರಿಬ್ಬರ ಆಧಾರ ತಪ್ಪಿಹೋಯಿತು. ನಿಮ್ಮ ಮಗ ಎರಡನೇ ಪ್ರಶ್ನೆ ಕೇಳಿದ್ದು ಇದನ್ನು ಕಂಡೇ. ಅವನ ಮೇಲೆ ಸಿಟ್ಟು ಬರುವುದು ಸಹಜ, ಆದರೆ ಆ ಮಾತಿಗೆ ದಾರಿ ಮಾಡಿಕೊಟ್ಟದ್ದು ಸಾಧ್ಯತೆಯ ಉತ್ತರ.

ಹಾಗೆಂದು ಭವಿಷ್ಯ ಲೆಕ್ಕಕ್ಕೇ ಇಲ್ಲ ಎಂದಲ್ಲ. ಕೊಲ್ಲುವ ವಿಷಯ ಬಂದಾಗ ಅದಕ್ಕೆ ತೂಕವಿದೆ, ಏಕೆಂದರೆ ಸಾವು ಕಸಿದುಕೊಳ್ಳುವುದು ಭವಿಷ್ಯವನ್ನೇ. ನೋವಿನ ವಿಷಯದಲ್ಲಿ ಅದಕ್ಕೆ ತೂಕವಿಲ್ಲ. ಸೂಜಿ ಚುಚ್ಚಿದಾಗ ಆಗುವ ನೋವು, ಇಪ್ಪತ್ತು ವರ್ಷದ ನಂತರ ಆ ಜೀವ ಏನಾಗುತ್ತದೆ ಎಂಬುದನ್ನು ನೋಡಿಕೊಂಡು ಹೆಚ್ಚು ಕಡಿಮೆ ಆಗುವುದಿಲ್ಲ. ಈ ಎರಡು ಪ್ರಶ್ನೆಗಳನ್ನು ಬೇರೆ ಮಾಡದೆ ಇರುವುದರಿಂದಲೇ ಈ ವಿಷಯದ ಹೆಚ್ಚಿನ ಜಗಳಗಳು ಹುಟ್ಟುತ್ತವೆ. "ಮಗುವೂ ಪ್ರಾಣಿಯೂ ಸಮವೇ?" ಎಂದು ಯಾರಾದರೂ ಕೇಳಿದರೆ, "ಯಾವ ವಿಷಯದಲ್ಲಿ?" ಎಂದು ತಿರುಗಿ ಕೇಳದೆ ಉತ್ತರಿಸಲು ಹೋಗಬೇಡಿ.

ಎರಡನೇ ಪ್ರಸಿದ್ಧ ಉತ್ತರ, ಒಂದೊಂದು ಜೀವವನ್ನು ಬಿಡಿಯಾಗಿ ಅಳೆಯಬೇಡಿ, ಅದು ಯಾವ ಬಗೆಗೆ ಸೇರಿದ್ದು ಎಂದು ನೋಡಿ ಎನ್ನುವುದು. ಮಾತಾಡುವುದು, ಹೊಣೆ ಹೊರುವುದು ಮನುಷ್ಯ ಎಂಬ ಬಗೆಯ ಲಕ್ಷಣ. ಆದ್ದರಿಂದ ಅದು ಯಾರೋ ಒಬ್ಬರಲ್ಲಿ ಇಲ್ಲದಿದ್ದರೂ ಹಕ್ಕುಗಳು ಅವರಿಗೆ ಸೇರುತ್ತವೆ. ಪ್ರಾಣಿಪ್ರಯೋಗಗಳನ್ನು ಸಮರ್ಥಿಸುತ್ತಾ ತತ್ವಜ್ಞಾನಿ ಕಾರ್ಲ್ ಕೊಹೆನ್ 1986ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದನ್ನು ಹೇಳಿದ, ಇಂದಿಗೂ ಬಹಳ ಜನ ಒಪ್ಪುವುದು ಇದನ್ನೇ. ನಿಮ್ಮ ಕುಟುಂಬಕ್ಕೂ ಇದು ಸಮಾಧಾನ ಕೊಡುವ ಉತ್ತರ.

ಇದನ್ನು ಪರೀಕ್ಷಿಸುವ ವಿಧಾನ ಉತ್ತರವನ್ನು ತಿರುಗಿಸಿ ನೋಡುವುದು. ಹೇಗೋ ಒಂದು ಕಾಗೆಗೆ ನಮ್ಮಂತೆ ಮಾತು ಬಂತು, ತನಗೆ ಪಂಜರ ಬೇಡ ಎಂದು ಕಾರಣ ಕೊಟ್ಟು ವಾದಿಸಿತು ಎಂದಿಟ್ಟುಕೊಳ್ಳಿ. ಬಗೆಯನ್ನೇ ನೋಡುವುದಾದರೆ, ಕಾಗೆಗಳ ಲಕ್ಷಣ ಅದಲ್ಲವಾದ್ದರಿಂದ ಅದರ ಮಾತಿಗೆ ಬೆಲೆಯಿಲ್ಲ ಎನ್ನಬೇಕು. ಹಾಗೆ ಹೇಳಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ, ಇಲ್ಲ, ಅದು ಮಾತಾಡಿತಲ್ಲ ಎನ್ನುತ್ತಾರೆ. ಅಂದರೆ ಮೇಲೇರಿಸುವಾಗ ಬಿಡಿ ಜೀವವನ್ನು ನೋಡುತ್ತೇವೆ, ಇಳಿಯದಂತೆ ತಡೆಯುವಾಗ ಬಗೆಯನ್ನು ನೋಡುತ್ತೇವೆ. ಒಂದೇ ಅಳತೆಯನ್ನು ಎರಡು ಕಡೆ ಎರಡು ರೀತಿ ಬಳಸಿದಂತಾಯಿತು. ಒಂದು ಗುಂಪಿನ ಸರಾಸರಿಯನ್ನು ನೋಡಿ ಅದರೊಳಗಿನ ಒಬ್ಬರಿಗೆ ಅವಕಾಶ ಕೊಡುವುದನ್ನೋ ತಡೆಯುವುದನ್ನೋ ಬೇರೆಲ್ಲ ಕಡೆ ನಾವು ಅನ್ಯಾಯ ಎನ್ನುತ್ತೇವೆ ಎಂಬುದೂ ನೆನಪಿರಲಿ.

ಆದರೆ ಬಗೆಯ ಉತ್ತರದಲ್ಲಿ ಉಳಿಸಿಕೊಳ್ಳಬೇಕಾದ ಒಂದು ಸತ್ಯವಿದೆ. ನಾಯಿಗೆ ಮಾತು ಬಾರದಿರುವುದು ನಾಯಿಗೆ ಆದ ನಷ್ಟವಲ್ಲ. ನಿಮ್ಮ ಅಣ್ಣನ ಮಗಳಿಗೆ ಮಾತು ಬಾರದಿರುವುದು ಅವಳಿಗೆ ನಷ್ಟ. ಅವಳು ಹುಟ್ಟಿದ ಬಗೆಯ ಬದುಕು, ಸುತ್ತಲಿನವರು ನಡೆಸುವ ಬದುಕು ಮಾತಿನಿಂದ ಕಟ್ಟಿದ್ದು. ಆದ್ದರಿಂದ ಅವಳಿಗೆ ಚಿಕಿತ್ಸೆ, ಚಿತ್ರಫಲಕದ ಮೂಲಕ ಸಂವಹನ, ಶಾಲೆ, ಆಸರೆ ಇವೆಲ್ಲ ಋಣದಂತೆ ಸಲ್ಲಬೇಕು. ನಾಯಿಗೆ ಅದು ಸಲ್ಲಬೇಕಾಗಿಲ್ಲ. ಎಂದರೆ ಬಗೆ ಎನ್ನುವುದು ಅವಳಿಗೆ ಹೆಚ್ಚಾಗಿ ಏನು ಸಲ್ಲಬೇಕು ಎಂಬುದನ್ನು ವಿವರಿಸುತ್ತದೆ. ನಾಯಿಗೆ ಏನನ್ನು ಮಾಡಬಹುದು ಎಂಬುದಕ್ಕೆ ಅದರಿಂದ ಪರವಾನಗಿ ಸಿಗುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ಕಂಡುಕೊಂಡರೆ ನಿಮ್ಮ ಸಂಕಟದ ದೊಡ್ಡ ಭಾಗ ಕಳೆಯುತ್ತದೆ.

ಸಂಬಂಧದ ಉತ್ತರವೂ ಹೀಗೇ. ತತ್ವಜ್ಞಾನಿ ಈವಾ ಕಿಟ್ಟೇ ಅವರ ಮಗಳಿಗೆ ತೀವ್ರ ಬೌದ್ಧಿಕ ವೈಕಲ್ಯವಿದೆ. ಇಂಥ ಮಕ್ಕಳನ್ನು ಪ್ರಾಣಿಗಳ ಪಕ್ಕದಲ್ಲಿಟ್ಟು ಗುಣಗಳ ಪಟ್ಟಿ ಮಾಡುವ ಪದ್ಧತಿಯನ್ನೇ ಅವರು ಸಿಂಗರ್ ಮತ್ತು ಇನ್ನೊಬ್ಬ ತತ್ವಜ್ಞಾನಿ ಜೆಫ್ ಮ್ಯಾಕ್‌ಮಹನ್ ಎದುರಿಗೆ ಪ್ರಶ್ನಿಸಿದರು. ಮಗು ಎಂಬುದು ಗುಣಗಳ ಗಂಟಲ್ಲ, ಅದು ಯಾರದೋ ಮಗಳು, ಯಾರೋ ಹೊತ್ತು ಸಾಕಿದ ಜೀವ, ಆ ನಂಟೇ ನೈತಿಕ ಸ್ಥಾನದ ಬೇರು ಎಂಬುದು ಅವರ ನಿಲುವು. ಇದಕ್ಕೆ ಎದುರಾಗುವ ಪ್ರಶ್ನೆ, ಯಾರೂ ಇಲ್ಲದ ಕೂಸಿನ ಕಥೆಯೇನು ಎಂಬುದು. ಕಿಟ್ಟೇ ಹೇಳುವುದು, ಯಾವ ಕೂಸೂ ತಾನಾಗಿ ಉದುರಿದ್ದಲ್ಲ, ಪ್ರತಿಯೊಬ್ಬರೂ ಒಬ್ಬ ತಾಯಿಯ ಮಗು ಎಂದು. ನನಗೆ ಈ ಉತ್ತರ ಮಾನವೀಯವಾಗಿ ಕಾಣುತ್ತದೆ, ಆದರೆ ಇದರ ಕೆಲಸವೂ ಹೆಚ್ಚಿನದನ್ನು ಕೊಡುವುದೇ. ನನ್ನ ಮಗಳಿಗಾಗಿ ನಾನು ಹೆಚ್ಚು ಮಾಡುತ್ತೇನೆ ಎಂಬುದರಿಂದ, ನೆರೆಮನೆಯ ಮಗುವಿಗೆ ನೋವು ಕೊಡಬಹುದು ಎಂದಾಗುವುದಿಲ್ಲ.

ಇನ್ನು ಕೆಲವರು, ಪ್ರಾಣಿಗೂ ಕೂಸಿಗೂ ನೇರವಾದ ಹಕ್ಕಿಲ್ಲ, ಕೂಸನ್ನು ನೋಯಿಸಿದರೆ ಅದನ್ನು ಪ್ರೀತಿಸುವ ದೊಡ್ಡವರಿಗೆ ನೋವಾಗುತ್ತದೆ, ಸಮಾಜ ಕೆಡುತ್ತದೆ, ಅದಕ್ಕೇ ರಕ್ಷಣೆ ಎನ್ನುತ್ತಾರೆ. ಇದನ್ನು ದೂರ ಒಯ್ಯಬೇಕಾಗಿಲ್ಲ. ಯಾರಿಗೂ ಗೊತ್ತಿಲ್ಲದ, ಯಾರೂ ಅಳದ ಒಂದು ಕೂಸಿಗೆ ಬರೆ ಹಾಕಿದರೆ ತಪ್ಪಾಗುವುದು ಆ ಕೂಸಿಗೇ.

ವಾದ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ನಡೆದ ಒಂದು ಸಂಗತಿ ಇದೆ. ಅದರಲ್ಲಿ ಹಸುಗೂಸೇ ತಪ್ಪು ಬದಿಗೆ ಬಿದ್ದಿತ್ತು.

1980ರ ದಶಕದ ನಡುಭಾಗದವರೆಗೂ ಅನೇಕ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ, ಅದರಲ್ಲೂ ಅವಧಿಗೆ ಮೊದಲೇ ಹುಟ್ಟಿದವಕ್ಕೆ, ನೋವುನಿವಾರಕ ಇಲ್ಲದೆ ಅಥವಾ ಹೆಸರಿಗಷ್ಟೇ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕೂಸು ಅಲುಗಾಡದಂತೆ ಸ್ನಾಯುಗಳನ್ನು ನಿಶ್ಚಲಗೊಳಿಸುವ ಔಷಧಿ ಕೊಡುತ್ತಿದ್ದರು. ವೈದ್ಯರು ಕ್ರೂರಿಗಳಾಗಿರಲಿಲ್ಲ, ಅವರ ಬಳಿ ಕಾರಣಗಳಿದ್ದವು. ಕೂಸಿನ ನರಗಳ ಮೇಲಿನ ಹೊದಿಕೆ ಇನ್ನೂ ಪೂರ್ತಿ ಬೆಳೆದಿಲ್ಲ, ಆದ್ದರಿಂದ ನೋವು ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ನೋವಾದರೂ ನೆನಪಿರುವುದಿಲ್ಲ. ಅರಿವಳಿಕೆ ಔಷಧಿ ಅಷ್ಟು ಸಣ್ಣ ದೇಹಕ್ಕೆ ಅಪಾಯ. ಕೊನೆಯದು ನಿಜವಾದ ವೈದ್ಯಕೀಯ ಆತಂಕ. ಮೊದಲ ಎರಡನ್ನು ಮತ್ತೊಮ್ಮೆ ಓದಿ. ಪ್ರಾಣಿಗಳ ಬಗ್ಗೆ ನಾವು ಇಂದಿಗೂ ಹೇಳುವ ಮಾತುಗಳವು: ಅದಕ್ಕೆ ಅಷ್ಟೆಲ್ಲ ಗೊತ್ತಾಗುವುದಿಲ್ಲ, ನಾಳೆಗೆ ಮರೆತುಹೋಗಿರುತ್ತದೆ.

1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಸಹೋದ್ಯೋಗಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವಧಿಗೆ ಮೊದಲೇ ಹುಟ್ಟಿ, ಹೃದಯದ ಬಳಿಯ ಒಂದು ರಕ್ತನಾಳವನ್ನು ಮುಚ್ಚಲು ಶಸ್ತ್ರಚಿಕಿತ್ಸೆ ಬೇಕಾಗಿದ್ದ ಕೂಸುಗಳನ್ನು ಎರಡು ಗುಂಪು ಮಾಡಿದ್ದರು. ಎಲ್ಲಕ್ಕೂ ನೈಟ್ರಸ್ ಆಕ್ಸೈಡ್ ಎಂಬ ಹಗುರ ಅರಿವಳಿಕೆ ಅನಿಲ ಮತ್ತು ಸ್ನಾಯು ನಿಶ್ಚಲಗೊಳಿಸುವ ಔಷಧಿ ಸಿಕ್ಕಿತು. ಒಂದು ಗುಂಪಿಗೆ ಮಾತ್ರ ಜೊತೆಗೆ ಫೆಂಟನಿಲ್ ಎಂಬ ಬಲವಾದ ನೋವುನಿವಾರಕ ಕೊಟ್ಟರು. ಫೆಂಟನಿಲ್ ಸಿಗದ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಹೆಚ್ಚು ಏರಿದವು, ಆಪರೇಷನ್ ನಂತರದ ತೊಡಕುಗಳೂ ಅವುಗಳಲ್ಲೇ ಹೆಚ್ಚು ಕಂಡವು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕು ಎಂದು ಹೇಳಿಕೆ ಕೊಟ್ಟಿತು.

ಇಲ್ಲಿ ಕೂಸಿನ ನೋವನ್ನು ಒಪ್ಪಿಕೊಳ್ಳಲು ಅದಕ್ಕೆ ಮಾತು ಬರಲಿ ಎಂದು ಯಾರೂ ಕಾಯಲಿಲ್ಲ. ಅದು ಮುಂದೆ ಏನಾಗುತ್ತದೆ ಎಂದು ಲೆಕ್ಕ ಹಾಕಲಿಲ್ಲ. ದೇಹ ಏನು ಹೇಳುತ್ತಿದೆ ಎಂದು ನೋಡಿದರು. ಈಗ ನೋವನ್ನು ಅಳೆಯುವ ರೀತಿಯನ್ನೇ ನೋಡಿ. ಅವಧಿಪೂರ್ವ ಶಿಶುಗಳಿಗೆ 1996ರಿಂದ ಬಳಕೆಯಲ್ಲಿರುವ ಒಂದು ಅಳತೆಪಟ್ಟಿಯಲ್ಲಿ ದಾದಿ ಮುಖದ ಮೂರು ಗುರುತುಗಳನ್ನು ನೋಡುತ್ತಾಳೆ: ಹುಬ್ಬುಗಳ ನಡುವೆ ಉಬ್ಬು, ಬಿಗಿಯಾಗಿ ಮುಚ್ಚಿದ ಕಣ್ಣು, ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಆಳವಾದ ಗೆರೆ. ಹೃದಯಬಡಿತ, ರಕ್ತದ ಆಮ್ಲಜನಕ, ಗರ್ಭದಲ್ಲಿ ಕಳೆದ ವಾರಗಳು, ಎಚ್ಚರದ ಸ್ಥಿತಿ ಇವನ್ನೂ ಸೇರಿಸಿ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ ಕೊಡುತ್ತಾಳೆ. 2010ರಲ್ಲಿ ಪ್ರಕಟವಾದ ಇಲಿಗಳ ಮುಖಭಾವದ ಅಳತೆಪಟ್ಟಿಯಲ್ಲಿ ಐದು ಗುರುತುಗಳಿವೆ: ಬಿಗಿಯಾದ ಕಣ್ಣು, ಉಬ್ಬಿದ ಮೂಗು, ಉಬ್ಬಿದ ಕೆನ್ನೆ, ಹಿಂದೆ ಸರಿದ ಕಿವಿ, ಸ್ಥಾನ ಬದಲಿಸಿದ ಮೀಸೆ. ಪ್ರತಿಯೊಂದಕ್ಕೂ 0ಯಿಂದ 2ರವರೆಗೆ ಅಂಕ. ಎರಡೂ ಪಟ್ಟಿಯಲ್ಲಿ ಬಿಗಿಯಾದ ಕಣ್ಣಿದೆ. ನೋವುನಿವಾರಕ ಕೊಟ್ಟಾಗ ಎರಡರಲ್ಲೂ ಅಂಕ ಇಳಿಯುತ್ತದೆ. ಹಾಗಾದರೆ ಕೂಸಿನ ಮುಖದಲ್ಲಿ ನೋವಿಗೆ ಪುರಾವೆ ಎಂದು ಒಪ್ಪಿದ್ದನ್ನು ಇಲಿಯ ಮುಖದಲ್ಲಿ ಕಂಡಾಗ ತಳ್ಳಿಹಾಕಲು ಬೇರೊಂದು ಕಾರಣ ಬೇಕು. ಅದಕ್ಕೆ ಮಾತು ಬರುವುದಿಲ್ಲ ಎಂಬುದು ಆ ಕಾರಣವಾಗಲಾರದು, ಕೂಸಿಗೂ ಬರುವುದಿಲ್ಲ.

ಇದರ ಪಕ್ಕದಲ್ಲಿ ಒಂದು ಕಾನೂನನ್ನು ಇಡುತ್ತೇನೆ. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನದ ಪ್ರಕಾರ ಗಂಡು ಹಂದಿಮರಿಗಳ ಬೀಜ ತೆಗೆಯುವುದನ್ನು ಹುಟ್ಟಿದ ಏಳನೇ ದಿನದ ನಂತರ ಮಾಡುವುದಾದರೆ ಪಶುವೈದ್ಯರೇ ಅರಿವಳಿಕೆ ಕೊಟ್ಟು ಮಾಡಬೇಕು, ಆಮೇಲೂ ನೋವುನಿವಾರಕ ಮುಂದುವರಿಸಬೇಕು. ಏಳು ದಿನದೊಳಗೆ ಮಾಡಿದರೆ ಆ ಅಗತ್ಯವಿಲ್ಲ. ಆರನೇ ದಿನ ಇಲ್ಲದ ನೋವು ಎಂಟನೇ ದಿನ ಹುಟ್ಟಿಕೊಳ್ಳುತ್ತದೆಯೇ? ಎಳೆಯದಕ್ಕೆ ಗೊತ್ತಾಗುವುದಿಲ್ಲ ಎಂಬ ಹಳೆಯ ನಂಬಿಕೆ, ಮನುಷ್ಯರ ಆಸ್ಪತ್ರೆಯಿಂದ ಹೊರಟುಹೋದದ್ದು, ಇಲ್ಲಿ ಉಳಿದುಕೊಂಡಂತೆ ಕಾಣುತ್ತದೆ. ಜರ್ಮನಿ 2021ರ ಆರಂಭದಿಂದ ಅರಿವಳಿಕೆ ಇಲ್ಲದೆ ಇದನ್ನು ಮಾಡುವುದನ್ನೇ ನಿಷೇಧಿಸಿತು. ಅಲ್ಲಿ ಹಂದಿಮರಿಯನ್ನು ಮನುಷ್ಯರ ಕೂಸಿಗೆ ಸಮ ಎಂದು ಯಾರೂ ಘೋಷಿಸಬೇಕಾಗಲಿಲ್ಲ. ನೋವು ನೋವೇ ಎಂದು ಒಪ್ಪಿದ್ದು ಸಾಕಾಯಿತು.

ನಿಮ್ಮ ಮಗನ ವಾದ ಸಂಪೂರ್ಣವಾಗಿ ಗೆಲ್ಲುವುದು ಇಲ್ಲಿ. ಅಷ್ಟೇ ತೀವ್ರತೆಯ, ಅಷ್ಟೇ ಹೊತ್ತಿನ ನೋವು ಯಾರದೇ ಆದರೂ ಲೆಕ್ಕದಲ್ಲಿ ಅಷ್ಟೇ ತೂಗಬೇಕು. ಇದರಿಂದ ನಿಮ್ಮ ಅಣ್ಣನ ಮಗಳು ಏನನ್ನೂ ಕಳೆದುಕೊಳ್ಳುವುದಿಲ್ಲ. ಒಂದು ಅರ್ಥದಲ್ಲಿ ಅವಳಿಗೆ ಇದು ಕಾವಲು. ತನಗೆ ಎಲ್ಲಿ ನೋವಾಗುತ್ತಿದೆ ಎಂದು ಹೇಳಲಾರದ ಮಕ್ಕಳ ನೋವು ಆಸ್ಪತ್ರೆಗಳಲ್ಲಿ ಗಮನಕ್ಕೆ ಬಾರದೆ ಹೋಗುವುದು ಇಂದಿಗೂ ಉಂಟು. ಮಾತಿಲ್ಲದವರ ನೋವಿಗೂ ಪೂರ್ಣ ತೂಕ ಎಂಬ ತತ್ವ ಮೊದಲು ಕೆಲಸಕ್ಕೆ ಬರುವುದು ಅವಳಂಥವರಿಗೆ.

ಕೊಲ್ಲುವ ಪ್ರಶ್ನೆಯಲ್ಲಿ ದಾರಿ ಇಷ್ಟು ಸಲೀಸಾಗಿಲ್ಲ. ಇಲ್ಲಿ ಜನ ಮೂರು ನಂಬಿಕೆಗಳನ್ನು ಒಟ್ಟಿಗೆ ಹಿಡಿದಿರುತ್ತಾರೆ: ಎಲ್ಲ ಮನುಷ್ಯರ ಜೀವಕ್ಕೂ ಸಮಾನ ಬೆಲೆ, ಯಾವ ಪ್ರಾಣಿಯ ಜೀವಕ್ಕೂ ಅಷ್ಟು ಬೆಲೆಯಿಲ್ಲ, ಮತ್ತು ಈ ವ್ಯತ್ಯಾಸಕ್ಕೆ ಆಧಾರ ಬುದ್ಧಿಶಕ್ತಿ. ಮೂರೂ ಒಟ್ಟಿಗೆ ನಿಲ್ಲುವುದಿಲ್ಲ. ಮೊದಲನೆಯದನ್ನು ಬಿಟ್ಟರೆ ಸಿಂಗರ್ ಹೋದ ಕಡೆಗೆ ಹೋಗುತ್ತೀರಿ. ಅದರ ಅಪಾಯ ಪುಸ್ತಕದೊಳಗೆ ಉಳಿಯುವಂಥದ್ದಲ್ಲ. 1939ರಿಂದ ನಾಜಿ ಜರ್ಮನಿಯಲ್ಲಿ ವೈಕಲ್ಯವಿದ್ದ ಮಕ್ಕಳನ್ನು ಆಸ್ಪತ್ರೆಗಳಲ್ಲೇ ಕೊಂದರು, ವೈದ್ಯರೇ ಪಟ್ಟಿ ಮಾಡಿದರು. ಸಿಂಗರ್ ಅಂಥದ್ದನ್ನು ಸಮರ್ಥಿಸುವವರಲ್ಲ, ಅವರ ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿ ಹತ್ಯಾಕಾಂಡದಲ್ಲಿ ಸತ್ತವರು. ಆದರೂ, ಯಾರ ಬದುಕಿಗೆ ಎಷ್ಟು ಬೆಲೆ ಎಂದು ಗುಣ ನೋಡಿ ಅಳೆಯುವ ಅಧಿಕಾರವನ್ನು ಯಾರ ಕೈಗೂ ಕೊಡಬಾರದು ಎನ್ನುವುದಕ್ಕೆ ಆ ಇತಿಹಾಸಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎರಡನೆಯದನ್ನು ಬಿಟ್ಟರೆ ರೀಗನ್ ದಾರಿ. ತನ್ನ ಬದುಕನ್ನು ಒಳಗಿನಿಂದ ಅನುಭವಿಸುವ ಪ್ರತಿ ಜೀವಿಗೂ ಸಮಾನ ಅಂತರ್ಗತ ಬೆಲೆ. ಇದು ನೇರವಾದದ್ದು, ಆದರೆ ಕಷ್ಟ ಕೊಡುವಂಥದ್ದು. ಸಾಕಣೆ, ಪ್ರಯೋಗ, ಬೇಟೆ ಎಲ್ಲವೂ ತಪ್ಪಾಗುತ್ತವೆ. ಉರಿಯುವ ಮನೆಯಲ್ಲಿ ಮಗುವನ್ನೋ ನಾಯಿಯನ್ನೋ ಒಂದನ್ನೇ ಹೊತ್ತು ತರಬಹುದು ಎಂದಾಗ ಮಗುವನ್ನು ಯಾಕೆ ಆರಿಸಬೇಕು ಎಂಬುದಕ್ಕೆ ಅದು ಬೇರೆಯಾಗಿ ಕಾರಣ ಹುಡುಕಬೇಕಾಗುತ್ತದೆ. ಅಂದಹಾಗೆ, ಚರ್ಚೆಯಲ್ಲಿ ಈ ಬೆಂಕಿಯ ಉದಾಹರಣೆ ಬಂದೇ ಬರುತ್ತದೆ. ಅದು ತೋರಿಸುವುದು ಕಡಿಮೆ. ಬೆಂಕಿಯಲ್ಲಿ ಪರರ ಮಗುವನ್ನು ಬಿಟ್ಟು ನನ್ನ ಮಗುವನ್ನು ಎತ್ತಿಕೊಂಡರೆ, ಪರರ ಮಗುವಿನ ಮೇಲೆ ಪ್ರಯೋಗ ಮಾಡಬಹುದು ಎಂದಾಗುತ್ತದೆಯೇ? ಯಾರನ್ನು ಮೊದಲು ಉಳಿಸುತ್ತೇವೆ ಎಂಬುದು, ಉಳಿದವರನ್ನು ಹೇಗೆ ಬಳಸಬಹುದು ಎಂಬುದಕ್ಕೆ ಉತ್ತರವಲ್ಲ.

ನನ್ನ ನಿಲುವು, ಬಿಡಬೇಕಾದದ್ದು ಮೂರನೆಯದು ಎಂದು. ಬುದ್ಧಿಶಕ್ತಿಯನ್ನು ಆಧಾರವಾಗಿ ಇಟ್ಟುಕೊಂಡದ್ದೇ ಮೊದಲ ತಪ್ಪು. ಮನುಷ್ಯರ ನಡುವಿನ ಸಮಾನತೆ ಒಂದು ಅಳತೆಯ ಫಲಿತಾಂಶವಾಗಿ ಬಂದದ್ದಲ್ಲ. ಅದು ಅಳೆಯಲು ನಿರಾಕರಿಸುವ ನಿರ್ಧಾರ. ಅದಕ್ಕೆ ಹುಟ್ಟಿನ ನಂಟು, ಪರಸ್ಪರ ಅವಲಂಬನೆ, ಅಳೆಯಲು ಹೊರಟಾಗ ನಡೆದ ಘೋರಗಳ ನೆನಪು ಎಲ್ಲವೂ ಆಧಾರ. ಇದಕ್ಕೂ ಬೆಲೆ ತೆರಬೇಕು: ಬುದ್ಧಿ ಕಡಿಮೆ ಎಂಬ ಕಾರಣ ಕೊಟ್ಟು ಪ್ರಾಣಿಯನ್ನು ಕೊಲ್ಲುವುದನ್ನು ಸಮರ್ಥಿಸುವ ಅವಕಾಶ ಕೈಬಿಟ್ಟುಹೋಗುತ್ತದೆ. ಕೊಲ್ಲಲೇಬೇಕು ಎನ್ನುವವರು ಅಗತ್ಯವನ್ನು ತೋರಿಸಬೇಕು, ಬೇರೆ ದಾರಿ ಇರಲಿಲ್ಲ ಎಂದು ತೋರಿಸಬೇಕು. ಜೀವವುಳಿಸುವ ಲಸಿಕೆಯ ಪರೀಕ್ಷೆಗೆ ಈ ಸಮರ್ಥನೆ ಒಂದು ಮಟ್ಟಿಗೆ ಸಿಗಬಹುದು. ಲಿಪ್‌ಸ್ಟಿಕ್ಕಿನ ಪರೀಕ್ಷೆಗೆ ಸಿಗುವುದಿಲ್ಲ. ಈ ನಿಲುವಿನಲ್ಲಿ ಒಂದು ಬಿರುಕೂ ಇದೆ. ನಿರ್ಧಾರವೇ ಆಧಾರ ಎಂದಮೇಲೆ, ಆ ವೃತ್ತವನ್ನು ಮನುಷ್ಯರಿಗೇ ಏಕೆ ನಿಲ್ಲಿಸಿದಿರಿ ಎಂದು ನಿಮ್ಮ ಮಗ ಕೇಳಬಹುದು. ನಂಟು ಮತ್ತು ಅವಲಂಬನೆ ಅದಕ್ಕೆ ಅರ್ಧ ಉತ್ತರ ಕೊಡುತ್ತವೆ. ಪೂರ್ತಿ ಉತ್ತರ ಈ ಕ್ಷೇತ್ರದಲ್ಲಿ ಇನ್ನೂ ಯಾರ ಬಳಿಯೂ ಇಲ್ಲ.

ಮಗನ ಜೊತೆ ಮತ್ತೆ ಮಾತಿಗೆ ಕೂತಾಗ ಎರಡು ಸಂಗತಿ ನೆನಪಿರಲಿ. ಈ ವಾದವನ್ನು ಮಂಡಿಸುವವರು ವಾಸ್ತವಾಂಶಗಳಲ್ಲಿ ಬಹಳ ಸಲ ಅವಸರ ಮಾಡುತ್ತಾರೆ. "ನಾಯಿಯ ಬುದ್ಧಿ ಎರಡು ವರ್ಷದ ಮಗುವಿನಷ್ಟು" ಎಂಬ ಮಾತು ಅಂಥದ್ದು. ರೀಕೋ ಎಂಬ ಬಾರ್ಡರ್ ಕಾಲಿ ನಾಯಿ ಸುಮಾರು 200 ವಸ್ತುಗಳ ಹೆಸರು ಕೇಳಿ ತಂದುಕೊಡುತ್ತಿತ್ತು ಎಂದು 2004ರಲ್ಲಿ ವರದಿಯಾಯಿತು. ಅದು ಒಂದು ಕೌಶಲದ ಎಣಿಕೆ. ಹದಿನೆಂಟರಿಂದ ಇಪ್ಪತ್ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಕನ್ನಡಿಯಲ್ಲಿ ತಮ್ಮ ಮೂಗಿನ ಮೇಲಿನ ಬಣ್ಣ ಕಂಡು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ. ನಾಯಿಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಸೋಲುತ್ತವೆ. ಆದರೆ ಅವು ಲೋಕವನ್ನು ಮೂಗಿನಿಂದ ತಿಳಿಯುವ ಪ್ರಾಣಿಗಳು, ಕನ್ನಡಿ ಅವಕ್ಕೆ ನ್ಯಾಯವಾದ ಪರೀಕ್ಷೆಯೇ ಎಂಬುದೇ ಪ್ರಶ್ನೆ. ಒಂದೇ ಕೋಲಿನ ಮೇಲೆ ಮಗು, ನಾಯಿ, ವೈಕಲ್ಯವಿರುವ ಹುಡುಗಿ ಮೂವರನ್ನೂ ಗುರುತು ಹಾಕಿ ನಿಲ್ಲಿಸಲಾಗುವುದಿಲ್ಲ. ನಿಮ್ಮ ಅಣ್ಣನ ಮಗಳ "ಮಾನಸಿಕ ವಯಸ್ಸು" ಎಂದು ಯಾರಾದರೂ ಅಂಕಿ ಕೊಟ್ಟಿದ್ದರೆ, ಅದು ಕೆಲವು ಪರೀಕ್ಷೆಗಳ ಅಂಕ ಮಾತ್ರ. ಯಾವ ಹಾಡಿಗೆ ಅವಳ ಮುಖ ಅರಳುತ್ತದೆ, ಯಾರು ಬಂದರೆ ತಲೆ ತಿರುಗಿಸುತ್ತಾಳೆ ಎಂಬುದು ಆ ಅಂಕಿಯಲ್ಲಿ ಇರುವುದಿಲ್ಲ.

ಇನ್ನೊಂದು, ವಾದಕ್ಕೆ ಅವಳ ಉದಾಹರಣೆ ಬೇಕಾಗಿಯೇ ಇಲ್ಲ. ಹಸುಗೂಸಿನ ನೋವಿನ ಇತಿಹಾಸವೊಂದೇ ಅಷ್ಟೂ ಕೆಲಸವನ್ನು ಮಾಡುತ್ತದೆ, ಭವಿಷ್ಯದ ಆಕ್ಷೇಪ ಅದಕ್ಕೆ ತಾಗುವುದೂ ಇಲ್ಲ. ವೇದಿಕೆಯ ಮೇಲೆ ವೈಕಲ್ಯವಿರುವವರನ್ನು ಪ್ರಾಣಿಯ ಪಕ್ಕದಲ್ಲಿ ಹೆಸರಿಸಿದರೆ, ಕೇಳುವವರಲ್ಲಿ ಅರ್ಧದಷ್ಟು ಜನ ತರ್ಕ ಬಿಟ್ಟು ಹೋಲಿಕೆಯನ್ನು ಮಾತ್ರ ಮನೆಗೆ ಒಯ್ಯುತ್ತಾರೆ. ಅದು ಆ ಜನರಿಗೆ ಆಗುವ ನಿಜವಾದ ಹಾನಿ. 1987ರ ಪ್ರಯೋಗವನ್ನೂ ಏಳು ದಿನದ ಹಂದಿಮರಿಯನ್ನೂ ಅಕ್ಕಪಕ್ಕ ಇಟ್ಟು, ನೋವಿನ ಪ್ರಶ್ನೆಗೆ ಮಾತ್ರ ನಿಂತು ಮಾತಾಡಲು ಅವನಿಗೆ ಹೇಳಿ. ಎದುರಾಳಿ ಕೊಲ್ಲುವ ಪ್ರಶ್ನೆಗೆ ಎಳೆಯಲು ನೋಡಿದರೆ, ಅದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಕಾರಣಗಳು ಬೇಕು ಎಂದು ಹೇಳಿ ತನ್ನ ಜಾಗದಲ್ಲೇ ಉಳಿಯಲಿ.